ನಡೆದರೆ ಮೀನಖಂಡ ಹಿಡಿಯುತ್ತಿದೆಯಾ? ನಾನು ಮೊದಲು ಕೇಳುವ ಪ್ರಶ್ನೆ

ನಡೆದರೆ ಮೀನಖಂಡ ಹಿಡಿಯುತ್ತದೆ ಎಂದು ಬೀಡಿ ಸೇದುವ ಅರವತ್ತು ದಾಟಿದ ರೈತರೊಬ್ಬರು ಎಂಆರ್‌ಐ ಕವರ್ ಹಿಡಿದು ಬಂದಿದ್ದರು. ಸೊಂಟದಲ್ಲಿ ನರದ ಕಾಲುವೆ ಕಿರಿದಾಗಿದೆ ಎಂದು ವರದಿ ಹೇಳುತ್ತಿತ್ತು. ಬೆನ್ನಿನ ಆಪರೇಷನ್ ಬೇಕು ಎಂದು ಬೇರೆ ಕಡೆ ಹೇಳಿದ್ದರಂತೆ. ನಾನು ಕವರ್ ಪಕ್ಕಕ್ಕಿಟ್ಟು, "ನೋವು ಬಂದಾಗ ನಿಂತರೆ ಸಾಕಾ, ಕೂರಲೇಬೇಕಾ?" ಎಂದು ಕೇಳಿದೆ.

"ನಿಂತ್ರೆ ಸಾಕು ಡಾಕ್ಟ್ರೇ. ಎರಡು ನಿಮಿಷಕ್ಕೆ ಬಿಡ್ತದೆ."

ರಕ್ತನಾಳ ಕಟ್ಟಿದ್ದರೆ ಹೀಗೇ ಆಗುತ್ತದೆ. ನಡೆಯುವ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದೆ ನೋವು ಬರುತ್ತದೆ. ನಡಿಗೆ ನಿಂತರೆ ಬೇಡಿಕೆ ಇಳಿಯುತ್ತದೆ, ನೋವೂ ಹೋಗುತ್ತದೆ. ಸುಮಾರು ಅಷ್ಟೇ ದೂರಕ್ಕೆ ಮತ್ತೆ ಬರುತ್ತದೆ, ಏರು ಹತ್ತುವಾಗ ಇನ್ನೂ ಬೇಗ.

ನರ ಒತ್ತಿದವರ ಕತೆ ಬೇರೆ. ಅವರಿಗೆ ಸುಮ್ನೆ ನಿಂತರೂ ನೋವು ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಕಾಲುವೆಯಲ್ಲಿ ಸ್ವಲ್ಪ ಜಾಗವಾಗಿ ಹಗುರ ಅನ್ನಿಸುತ್ತದೆ. ತಳ್ಳುಗಾಡಿ ತಳ್ಳುತ್ತಾ, ಸೈಕಲ್ ತುಳಿಯುತ್ತಾ ದೂರ ಹೋಗಬಲ್ಲರು. ಆದರೆ ಇಳಿಜಾರಿನಲ್ಲಿ ಬೆನ್ನು ಹಿಂದಕ್ಕೆ ಬಾಗುವುದರಿಂದ ಕಷ್ಟಪಡುತ್ತಾರೆ.

ನಂತರ ನಾಡಿ ಹಿಡಿದೆ. ಪಾದದ ಮೇಲಿನ ನಾಡಿ ಕೆಲವು ಆರೋಗ್ಯವಂತರಲ್ಲೂ ಸಿಗುವುದಿಲ್ಲ. ಅದಕ್ಕೇ ಕಣಕಾಲಿನ ಒಳಗಂಟಿನ ಹಿಂದಿನದನ್ನು ನಾನು ಹೆಚ್ಚು ನಂಬುತ್ತೇನೆ. ಬಲಗಾಲಿನಲ್ಲಿ ಅದೂ ಇರಲಿಲ್ಲ. ಕೈಗೂ ಕಣಕಾಲಿಗೂ ಬಿಪಿ ಪಟ್ಟಿ ಕಟ್ಟಿ, ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಪೆನ್‌ನಿಂದ ಅಳೆದೆ. ಕೈಯಲ್ಲಿ 150, ಬಲಗಾಲಿನಲ್ಲಿ 90. ಭಾಗಿಸಿದರೆ 0.6. ಸಾಮಾನ್ಯವಾಗಿ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದೇ ಲೆಕ್ಕ.

ಒಂದು ಎಚ್ಚರಿಕೆ ಇದೆ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳದ ಗೋಡೆ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ. ಪಟ್ಟಿ ಒತ್ತಿದರೂ ನಾಳ ಮುಚ್ಚುವುದಿಲ್ಲ, ಅಂಕಿ ಸುಳ್ಳಾಗಿ ಚೆನ್ನಾಗಿಯೇ ಬರುತ್ತದೆ. ಅಂಥವರಲ್ಲಿ ಹೆಬ್ಬೆರಳಿನ ಒತ್ತಡ ನೋಡಬೇಕು. ಮಲಗಿಸಿ ಅಳೆದಾಗ ಅಂಕಿ ಸರಿಯಿದ್ದೂ ಅನುಮಾನ ಉಳಿದರೆ, ನೋವು ಬರುವವರೆಗೆ ಕಾರಿಡಾರಿನಲ್ಲಿ ನಡೆಸಿ ತಕ್ಷಣ ಮತ್ತೆ ಅಳೆಯುತ್ತೇನೆ. ನಾಳ ಕಿರಿದಾಗಿದ್ದರೆ ಕಾಲಿನ ಒತ್ತಡ ಆಗ ಇಳಿಯುತ್ತದೆ.

ಹಾಗಾದರೆ ಎಂಆರ್‌ಐ ತಪ್ಪಾ? ಅಲ್ಲ. ಆ ವಯಸ್ಸಿನಲ್ಲಿ ನೋವೇ ಇಲ್ಲದವರ ಬೆನ್ನಲ್ಲೂ ಕಾಲುವೆ ಕಿರಿದಾಗಿ ಕಾಣುವುದು ಮಾಮೂಲು. ಎರಡೂ ತೊಂದರೆ ಒಬ್ಬರಲ್ಲೇ ಇರುವುದೂ ಉಂಟು. ಇವರ ನೋವಿಗೆ ಮಾತ್ರ ಬೆನ್ನು ಕಾರಣವಲ್ಲ.

ಬೀಡಿ ಬಿಡಿಸಿದೆವು. ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಶುರು ಮಾಡಿದೆವು. ಇವು ಹೃದಯಾಘಾತ, ಪಾರ್ಶ್ವವಾಯು ತಪ್ಪಿಸಲಿಕ್ಕೇ ಮುಖ್ಯವಾಗಿ ಬೇಕು, ಕಾಲಿನ ನಾಳ ಕಟ್ಟಿದವರಿಗೆ ಆ ಅಪಾಯ ಜಾಸ್ತಿ. ಕಾಲಿಗೆ ನಡಿಗೆಯೇ ಔಷಧಿ: ನೋವು ಬರುವವರೆಗೆ ನಡೆ, ಬಿಡುವವರೆಗೆ ನಿಲ್ಲು, ಮತ್ತೆ ನಡೆ. ಹೀಗೆ ಅರ್ಧ ಗಂಟೆ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ ಮೂರು ತಿಂಗಳು. ಅವರ ನಡಿಗೆಯ ದೂರ ನಿಧಾನವಾಗಿ ಹೆಚ್ಚಿತು, ಬೆನ್ನಿನ ಆಪರೇಷನ್ ಮಾತು ಅಲ್ಲಿಗೇ ನಿಂತಿತು. ರಾತ್ರಿ ಮಲಗಿದಾಗ ಪಾದ ನೋಯಲು ಶುರುವಾದರೆ, ಬೆರಳು ಕಪ್ಪಾದರೆ, ಗಾಯ ಮಾಯದಿದ್ದರೆ ಮುಂದಿನ ಭೇಟಿಗೆ ಕಾಯದೆ ಬಂದುಬಿಡಿ ಎಂದು ಚೀಟಿಯಲ್ಲೇ ಬರೆದುಕೊಟ್ಟೆ.