ಹಾಳೆಯಲ್ಲಿ ಸಿ, ಕಿವಿಗೆ ಬಿ ಫ್ಲಾಟ್

ನಾನು ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತೇನೆ. ಬೇಕಾದಾಗ ಆಲ್ಟೊ ಸ್ಯಾಕ್ಸಫೋನ್ ಕೂಡ. ಎಲ್ಲರಿಗೂ ನೊಟೇಶನ್ ಬರೆದುಕೊಡುವ ಕೆಲಸವೂ ನನ್ನ ತಲೆಗೇ ಬಂದಿದೆ. ಕೀಬೋರ್ಡಿಗೆ ಹೊಸಬರು ಬಂದಾಗಲೆಲ್ಲ ಒಂದೇ ಪ್ರಶ್ನೆ: "ನಿಮ್ಮ ಹಾಳೆಯಲ್ಲಿ ಸಿ ಇದೆ, ಕೇಳಿಸ್ತಿರೋದು ಬಿ ಫ್ಲಾಟ್. ಹಾಗೇ ಬರೆದರೆ ಆಗಲ್ವಾ?"

ಆಗುತ್ತೆ. ಆದರೆ ಕಷ್ಟ ಬೆರಳಿಗೆ. ಸ್ಯಾಕ್ಸಫೋನಿನಲ್ಲಿ ಎಡಗೈಯ ಮೂರು ಬೆರಳು ಒತ್ತಿದರೆ ಹಾಳೆಯ ಮೇಲೆ ಅದು ಜಿ. ಆಲ್ಟೊ ಇರಲಿ, ಟೆನರ್ ಇರಲಿ, ಜಿ ಅಂದರೆ ಅದೇ ಮೂರು ಬೆರಳು. ಕೊಳವೆಯ ಉದ್ದ ಬೇರೆ, ಹಾಗಾಗಿ ಆಲ್ಟೊದಲ್ಲಿ ಬಿ ಫ್ಲಾಟ್ ಕೇಳುತ್ತೆ, ಟೆನರಿನಲ್ಲಿ ಎಫ್. ಕೇಳಿಸಿದ್ದನ್ನೇ ಬರೆದರೆ ವಾದ್ಯ ಬದಲಿಸಿದಾಗಲೆಲ್ಲ ಬೆರಳಿನ ಪಾಠ ಮೊದಲಿಂದ ಕಲಿಯಬೇಕು. ನಮ್ಮ ಕೊಳಲಿನವರು ಶ್ರುತಿಗೆ ತಕ್ಕಂತೆ ಕೊಳಲು ಬದಲಿಸಿದರೂ ಸ ಹಿಡಿಯುವ ಬೆರಳು ಬದಲಾಗಲ್ಲ, ಅಲ್ವಾ? ಇದೂ ಹಾಗೇ.

ಕ್ಲಾರಿನೆಟ್‌ನಲ್ಲಿ ಇನ್ನೊಂದು ಹಳೆಯ ಕಾರಣವಿದೆ. ಮೊದಲಿನ ಕ್ಲಾರಿನೆಟ್‌ಗಳಿಗೆ ಕೀಲಿಗಳು ಕಡಿಮೆ, ಶಾರ್ಪ್-ಫ್ಲಾಟ್ ಜಾಸ್ತಿ ಇದ್ದರೆ ನುಡಿಸೋದೇ ಕಷ್ಟ. ಅದಕ್ಕೇ ಬಿ ಫ್ಲಾಟ್ ಒಂದು, ಎ ಒಂದು ಅಂತ ಬೇರೆ ಬೇರೆ ಉದ್ದದವನ್ನು ಇಟ್ಟುಕೊಂಡರು. ಈಗಲೂ ಆರ್ಕೆಸ್ಟ್ರಾದವರ ಪೆಟ್ಟಿಗೆಯಲ್ಲಿ ಎರಡೂ ಇರುತ್ತವೆ. ಹಾಡು ಎ ಮೇಜರ್ ಆದರೆ ಬಿ ಫ್ಲಾಟ್ ಕ್ಲಾರಿನೆಟ್‌ಗೆ ಐದು ಶಾರ್ಪ್, ಎ ಕ್ಲಾರಿನೆಟ್‌ಗೆ ಒಂದೂ ಇಲ್ಲ.

ನಾನು ಬರೆಯೋದು ಹೀಗೆ. ಕೀಬೋರ್ಡಿನಲ್ಲಿ ಹಾಡು ಎಫ್ ಮೇಜರ್, ಶುರುವಿನ ಸ್ವರ ಎಫ್, ಎ, ಸಿ ಅಂತಿಟ್ಟುಕೊಳ್ಳಿ. ಕ್ಲಾರಿನೆಟ್‌ಗೆ ಎರಡು ಸೆಮಿಟೋನ್ ಮೇಲೆ: ಜಿ, ಬಿ, ಡಿ. ಆಲ್ಟೊಗೆ ಒಂಬತ್ತು ಸೆಮಿಟೋನ್ ಮೇಲೆ: ಡಿ, ಎಫ್ ಶಾರ್ಪ್, ಎ. ಕೆಲವರು ಆಲ್ಟೊಗೆ ಸುಲಭ ಅಂತ ಮೂರು ಸೆಮಿಟೋನ್ ಕೆಳಗೆ ಬರೆದುಬಿಡುತ್ತಾರೆ. ಸ್ವರದ ಹೆಸರು ಸರಿಯೇ, ಆದರೆ ಒಂದು ಆಕ್ಟೇವ್ ಕೆಳಗೆ ಹೋಗುತ್ತೆ. ಮಿಡಲ್ ಸಿ ಹೀಗೆ ಬರೆದರೆ ಅದರ ಕೆಳಗಿನ ಎ ಬರುತ್ತೆ, ಆಲ್ಟೊದಲ್ಲಿ ಅದು ಇಲ್ಲವೇ ಇಲ್ಲ. ಅದರ ಹಾಳೆಯಲ್ಲಿ ತೀರಾ ಕೆಳಗಿನ ಸ್ವರ ಬಿ ಫ್ಲಾಟ್.

ನೊಟೇಶನ್ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್ ಬಳಸಿದರೆ ಈ ಲೆಕ್ಕ ಅದೇ ಮಾಡುತ್ತೆ. ಆದರೆ ಪ್ರಿಂಟ್ ತೆಗೆಯುವ ಮೊದಲು Concert Pitch ಬಟನ್ ಆಫ್ ಇದೆಯಾ ನೋಡಿ. ಆನ್ ಇದ್ದರೆ ಹಾಳೆಯಲ್ಲಿ ಕೀಬೋರ್ಡಿನ ಸ್ವರಗಳೇ ಅಚ್ಚಾಗುತ್ತವೆ, ಕ್ಲಾರಿನೆಟ್ ಹಾಡಿನುದ್ದಕ್ಕೂ ಎರಡು ಸೆಮಿಟೋನ್ ಕೆಳಗೆ ನಡೆಯುತ್ತೆ.

ಅಪಸ್ವರ ಬಂದಾಗ ತಪ್ಪು ಹಾಳೆಯದೋ ವಾದ್ಯದ್ದೋ ತಿಳಿಯಲು ಎಲ್ಲರಿಗೂ ಒಂದೇ ಸ್ವರ ಹಿಡಿಸುತ್ತೇನೆ: ಕೀಬೋರ್ಡ್ ಬಿ ಫ್ಲಾಟ್, ಕ್ಲಾರಿನೆಟ್ ತನ್ನ ಸಿ, ಆಲ್ಟೊ ತನ್ನ ಜಿ. ಚೆನ್ನಾಗಿ ಕೂಡಿಕೊಂಡರೆ ವಾದ್ಯ ಸರಿ, ಹಾಳೆ ತಿದ್ದಬೇಕು. ಸ್ವಲ್ಪ ಏರಿ ಅಲೆಅಲೆಯಾಗಿ ಕೇಳಿದರೆ ಅದು ಬರೀ ಶ್ರುತಿಯ ವಿಷಯ, ಕ್ಲಾರಿನೆಟ್‌ನ ಬ್ಯಾರೆಲ್ ಒಂಚೂರು ಹೊರಗೆಳೆದರೆ ಆಯಿತು.