ಯಜಮಾನರ ಟ್ರಾನ್ಸ್‌ಫರ್ ಅಂತ ಊರು ಬದಲಾಯಿಸಿದವರು ಇಂಟರ್‌ವ್ಯೂನಲ್ಲಿ ಏನು ಹೇಳಬೇಕು?

ದಾವಣಗೆರೆಗೆ ಹೊಸದಾಗಿ ಬಂದು ಕೆಲಸ ಹುಡುಕುತ್ತಿರುವ ಅಕ್ಕತಂಗಿಯರಿಗೆ ಒಂದು ಸಲಹೆ. "ಹಳೇ ಕೆಲಸ ಯಾಕೆ ಬಿಟ್ರಿ?" ಅಂದರೆ "ಏನ್ ಮಾಡೋದು, ಅವರಿಗೆ ಟ್ರಾನ್ಸ್‌ಫರ್ ಆಯ್ತು" ಅನ್ನಬೇಡಿ. ಇವರು ನಾಳೆ ಇಲ್ಲಿಂದಲೂ ಹೊರಡ್ತಾರೆ ಅನ್ನಿಸುತ್ತದೆ. ಕಾರಣ ಒಂದೇ ಮಾತಲ್ಲಿ ಮುಗಿಸಿ, ಇಲ್ಲಿ ನೆಲೆಯಾಗಿರುವುದನ್ನು ಹೇಳಿ, ನಿಮ್ಮ ಕೆಲಸದ ಅನುಭವದ ಮಾತಿಗೆ ಬನ್ನಿ. ಅಕೌಂಟ್ಸ್ ಕೆಲಸವಾದರೆ ಹೀಗೆ:

"ಯಜಮಾನರಿಗೆ ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಯಿತು. ವಿದ್ಯಾನಗರದಲ್ಲಿ ಮನೆ ಮಾಡಿದ್ದೇವೆ, ಮಗಳು ಇಲ್ಲೇ ಶಾಲೆಗೆ ಸೇರಿದ್ದಾಳೆ. ಅಲ್ಲಿ 4 ವರ್ಷ ಜಿಎಸ್‌ಟಿ ರಿಟರ್ನ್ಸ್ ನಾನೇ ನೋಡಿಕೊಳ್ಳುತ್ತಿದ್ದೆ."

ಇದೆಲ್ಲ ನಿಜವಿದ್ದರೆ ಮಾತ್ರ ಹೇಳಿ. ಮನೆ ಇನ್ನೂ ಹುಡುಕುತ್ತಿದ್ದರೆ ಯಾವ ತಾರೀಖಿನಿಂದ ಬರಬಹುದು ಅಂತ ಹೇಳಿದರೂ ಸಾಕು.

"ಮತ್ತೆ ಟ್ರಾನ್ಸ್‌ಫರ್ ಆದರೆ?" ಅಂತ ಕೇಳೇ ಕೇಳ್ತಾರೆ. ಸುಮ್ನೆ "ಆಗಲ್ಲ" ಅಂತ ಮಾತು ಕೊಡಬೇಡಿ. "ಹಿಂದಿನ ಕಡೆ ನೋಟಿಸ್ ಪೀರಿಯಡ್ ಪೂರ್ತಿ ಮಾಡಿ, ಕೆಲಸ ಒಪ್ಪಿಸಿ ಬಂದೆ" ಅನ್ನಿ. ರಿಲೀವಿಂಗ್ ಲೆಟರ್ ಕೈಯಲ್ಲೇ ಇರಲಿ.