ಅಕ್ಕಿ ಮೂಟೆ, ಚಕ್ಕುಲಿ ಡಬ್ಬ, ಹಿಂದೆ ಮಗ

ಮನೆಯಲ್ಲೇ ಚಕ್ಕುಲಿ, ಚಟ್ನಿಪುಡಿ ಮಾಡಿ ಪಾರ್ಸೆಲ್ ಕಳಿಸುತ್ತೇನೆ. ದಿನಸಿ ತರೋದು, ಡಬ್ಬ ಮುಟ್ಟಿಸೋದು, ಮೂರೂವರೆ ವರ್ಷದ ಮಗನನ್ನು ಕರೆತರೋದು, ಎಲ್ಲಾ ಒಂದೇ ಸ್ಕೂಟರಿನಲ್ಲಿ.

ಮೊದಲ ಪಾಠ ಅಕ್ಕಿ ಮೂಟೆಯಿಂದ. ಅಂಗಡಿಯ ಹುಡುಗ "ಅಕ್ಕಾ, ಮುಂದೆ ಇಟ್ಬಿಡ್ಲಾ?" ಅಂತ 25 ಕಿಲೋ ಮೂಟೆಯನ್ನು ಕಾಲ ಮುಂದೆ ನಿಲ್ಲಿಸಿದ. ಬೀದಿ ತಿರುವಿನಲ್ಲಿ ಹ್ಯಾಂಡಲ್ ಮೂಟೆಯ ಕಿವಿಗೆ ತಾಗಿ ಅರ್ಧಕ್ಕೇ ನಿಂತಿತು. ಪುಣ್ಯಕ್ಕೆ ನಿಧಾನವಾಗಿದ್ದೆ, ಕಾಲೂರಿ ಬಚಾವಾದೆ. ಈಗ 10 ಕಿಲೋ ಚೀಲವನ್ನೇ ಕೊಳ್ಳುತ್ತೇನೆ, ಮಲಗಿಸಿಯೇ ಇಡುತ್ತೇನೆ. ಹೊರಡುವ ಮುಂಚೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡುತ್ತೇನೆ. ಎರಡೂ ಪಾದ ಒಳಗೇ ಕೂರಬೇಕು. ಹ್ಯಾಂಡಲ್‌ಗೆ ಚೀಲ ನೇತುಹಾಕೋದನ್ನಂತೂ ಬಿಟ್ಟೇ ಬಿಟ್ಟೆ. ಅದು ತೂಗಾಡಿದ ಹಾಗೆ ಹ್ಯಾಂಡಲ್ಲೂ ಎಳೆಯುತ್ತೆ.

ಡಬ್ಬದ ಕಥೆ ಬೇರೆ. ಸೀಟಿನ ಹಿಂದಿನ ಕ್ಯಾರಿಯರ್‌ಗೆ ಕಟ್ಟಿದಾಗ ಭಾರ ಹಿಂದಿನ ಚಕ್ರಕ್ಕಿಂತ ಆಚೆ ಹೋಗಿ, ಮುಂದಿನ ಚಕ್ರ ಹಗುರಾಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಹ್ಯಾಂಡಲ್ ಸಣ್ಣಗೆ ನಡುಗಿದರೆ ಅದೇ ಗುರುತು. ಅದೇ ಡಬ್ಬವನ್ನು ಹಿಂದಿನ ಸೀಟಿನ ಮೇಲೆ, ನನ್ನ ಬೆನ್ನಿಗೆ ಒತ್ತಿ ಇಟ್ಟೆ. ನಡುಕ ನಿಂತಿತು. ಕಟ್ಟೋಕೆ ಬರೀ ರಬ್ಬರ್ ಹಗ್ಗ ಸಾಲದು, ಗುಂಡಿಯಲ್ಲಿ ಡಬ್ಬದ ಜೊತೆ ಅದೂ ಕುಣಿಯುತ್ತೆ. ಎರಡು ಪಟ್ಟಿ ಬೆಲ್ಟ್‌ಗಳನ್ನು ಅಡ್ಡಡ್ಡ ಹಾಕಿ ಹಿಂದಿನ ಹಿಡಿಕೆಯ ಕಂಬಿಗೆ ಬಿಗಿಯುತ್ತೇನೆ. ಒಂದು ಕಿಲೋಮೀಟರ್ ಹೋದಮೇಲೆ ನಿಲ್ಲಿಸಿ ಮತ್ತೊಮ್ಮೆ ಎಳೀಬೇಕು, ಅಷ್ಟರಲ್ಲಿ ರಟ್ಟಿನ ಡಬ್ಬ ಅಮುಕಿರುತ್ತದೆ. ಹಿಂದಿನ ಲೈಟು, ನಂಬರ್ ಪ್ಲೇಟು ಮುಚ್ಚಿಹೋಗಬಾರದು. ಭಾರ ಜಾಸ್ತಿ ಇದ್ದ ದಿನ ಹಿಂದಿನ ಟೈರಿಗೆ ಇಬ್ಬರು ಕೂತಾಗ ಹಾಕೋ ಗಾಳಿ. ಅದರ ಲೆಕ್ಕ ಗಾಡಿಯ ಪುಸ್ತಕದಲ್ಲಿದೆ.

ಮಗ ಇದ್ದರೆ ಹಿಂದೆ ಡಬ್ಬ ಇಲ್ಲ. ಎರಡು ಸಲ ಓಡಾಡ್ತೀನಿ, ಅಷ್ಟೇ. ಮುಂಚೆ ಎಲ್ಲರ ಹಾಗೆ ನಾನೂ ಅವನನ್ನು ಮುಂದೆ ನಿಲ್ಲಿಸ್ತಿದ್ದೆ. ಗಟ್ಟಿಯಾಗಿ ಬ್ರೇಕ್ ಹಿಡಿದರೆ ಮಗುವಿನ ಮುಖ ನೇರ ಹ್ಯಾಂಡಲ್‌ಗೆ, ಹಿಂದಿನಿಂದ ನಮ್ಮ ಭಾರ ಬೇರೆ. ಕಾನೂನಿನ ಪ್ರಕಾರವೂ ಸವಾರರ ಜೊತೆ ಒಬ್ಬರೇ, ಅದೂ ಹಿಂದಿನ ಸೀಟಿನಲ್ಲಿ. 2023ರ ಫೆಬ್ರವರಿಯಿಂದ 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಸೇಫ್ಟಿ ಬೆಲ್ಟು, ಅಳತೆಗೆ ಸರಿಯಾದ ಹೆಲ್ಮೆಟ್ಟು ಎರಡೂ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ನಾಲ್ಕು ದಾಟಿದರೂ ಹೆಲ್ಮೆಟ್ ಬೇಕೇ ಬೇಕು.

ಬೆಲ್ಟು ಅಂದರೆ ಮಗುವಿಗೊಂದು ಜಾಕೆಟ್ಟು, ಅದರ ಪಟ್ಟಿಗಳು ಸ್ಕೂಲ್ ಬ್ಯಾಗಿನ ಹಾಗೆ ನನ್ನ ಹೆಗಲಿಗೆ. ಮೊದಲ ವಾರ ಸಡಿಲ ಕಟ್ಟಿದ್ದೆ. ಮಧ್ಯಾಹ್ನ ಅವನು ತೂಕಡಿಸಿದಾಗ ಪೂರ್ತಿ ಎಡಕ್ಕೆ ವಾಲಿದ, ಗಾಡಿಯೂ ಎಡಕ್ಕೆ ಎಳೀತು. ಈಗ ಅವನ ಎದೆ ನನ್ನ ಬೆನ್ನಿಗೆ ತಾಗುವಷ್ಟು ಬಿಗಿಯುತ್ತೇನೆ. "ಅಮ್ಮಾ, ಟೈಟು" ಅಂತಾನೆ. ಎರಡು ಬೆರಳು ತೂರಿಸಿ ನೋಡ್ತೀನಿ, ಹೋದರೆ ಗಾಡಿ ಹೊರಡುತ್ತೆ.